ಚಿಗವ್ವನ ಹಸಿರು ಬಳೆ

ಸಿನಿಮಾ ಒಂದು ಹಿಡಿಸಿದರೆ ಸಾಕು, ಕಬ್ಬನ್ನು ಕೊನೆಯ ಗಿಣ್ಣಿನವರೆಗೂ ಅಗಿಯುವ ಹಾಗೆ ಅದನ್ನು ಬಿಡುವವನಲ್ಲ ನಾನು. ಆ ಚಿತ್ರವನ್ನಂತೂ ಸಿಂಧನೂರಿನ ಟಾಕೀಜಿನಲ್ಲಿ ಮೂರು ಸಲ ನೋಡಿದ್ದೆ. ಅದರಲ್ಲಿ ಕೆಸರಿಗೆ ಭತ್ತದ ಸಸಿ ಊರುವ ಎರಡು ಕೈ ಪರದೆ ತುಂಬ ಕಾಣುತ್ತವೆ. ಅವು ನಾಯಕಿಯ ಕೈಗಳಲ್ಲ, ವಳಕಮದಿನ್ನಿಯಲ್ಲಿರುವ ನನ್ನ ಚಿಗವ್ವನವು, ಅವ್ವನ ತಂಗಿಯವು. ಶೂಟಿಂಗ್ ಅವಳೂರಿನ ಗದ್ದೆಯಲ್ಲೇ ನಡೆದಿತ್ತು. ಕೊನೆಯ ಹೆಸರುಗಳ ಪಟ್ಟಿಯಲ್ಲಿ ಅವಳಿಲ್ಲ. ಹೇಳಿಕೊಂಡರೆ ಓಣಿಯ ಹೆಂಗಸರು ನಕ್ಕು, ಸಿನಿಮಾದಾಕಿ ಎಂದು ಕಾಡುತ್ತಿದ್ದರು. ಆ ಕೈ ತನ್ನದೆಂದು ಯಾರಾದರೂ ಒಪ್ಪಬೇಕು, ಅವಳಿಗೆ ಬೇಕಾದದ್ದು ಅಷ್ಟೇ.

ಚಿತ್ರದ ಡಿಸ್ಕ್ ಬಂದಾಗ ನಾನಿರುವ ಲಿಂಗಸುಗೂರಿಗೆ ಅಂಚೆಯಲ್ಲಿ ತರಿಸಿಕೊಂಡೆ. ಅದರಲ್ಲಿ ಎರಡನೆಯ ಆಡಿಯೋ ಒಂದಿತ್ತು; ಅದಕ್ಕೆ ಬದಲಿಸಿದರೆ ಸಿನಿಮಾದ ಸದ್ದು ತಗ್ಗಿ, ನಿರ್ದೇಶಕರು ಚಿತ್ರ ನೋಡುತ್ತಲೇ ಮಾತಾಡುತ್ತಾರೆ. ಹಗಲಲ್ಲೇ ಸಂಜೆಯ ಬೆಳಕು ತಂದ ಬಗೆ, ಕಾಲುವೆ ನೀರಿನ ಸದ್ದನ್ನು ಆಮೇಲೆ ಬೇರೆಯಾಗಿ ಕೂಡಿಸಿದ್ದು, ಎಲ್ಲವನ್ನೂ ಬಾಯಿ ತೆರೆದು ಕೇಳಿದೆ. ನಾಟಿಯ ದೃಶ್ಯ ಬಂತು. ಈ ಕೈಗಾಗಿ ನಾಯಕಿ ಒಂದು ತಿಂಗಳು ಅಭ್ಯಾಸ ಮಾಡಿದರು ಎಂದರು. ಅಲ್ಲಿಗೇ ನಿಲ್ಲಿಸಲಿಲ್ಲ.

"ಕೆಂಪು ಬಳೆಗಳ ನಡುವೆ ಒಂದೇ ಹಸಿರು ಬಳೆ ನೋಡಿ. ಅದು ಅವಳೊಳಗಿನ ಆಸೆ. ನಾನು ಬೇಕೆಂದೇ ಇಟ್ಟದ್ದು."

ಅಂಗಾಲಿನ ಸಿಟ್ಟು ನೆತ್ತಿಗೇರಿತು. ಹಸಿ ಸುಳ್ಳು! ಅದೇ ಡಿಸ್ಕಿನಲ್ಲಿ ಚಿತ್ರೀಕರಣದ ಹಿಂದಿನ ಕತೆಯೂ ಇತ್ತು, ಬೇರೊಬ್ಬ ಕ್ಯಾಮೆರಾದವನು ಪಕ್ಕದಲ್ಲಿ ನಿಂತು ತೆಗೆದದ್ದು. ಹಾಕಿದೆ. ಚಿಗವ್ವ ಬದುವಿನ ಮೇಲೆ ಕೂತಿದ್ದಾಳೆ. ನಾಯಕಿಯ ಕೈಗೆ ಹೊಂದಲಿ ಎಂದು ಅವಳ ಹಸಿರು ಬಳೆ ತೆಗೆದು ಕೆಂಪು ಬಳೆ ತೊಡಿಸುತ್ತಿದ್ದಾರೆ. ಮಾನಿಟರ್ ಹಿಂದಿನಿಂದ ನಿರ್ದೇಶಕರ ದನಿ: ಹಸಿರು ಒಂದೂ ಇರಬಾರದು, ಎಲ್ಲ ತೆಗೀರಿ. ಚಿಗವ್ವ ಕೈಯನ್ನು ಎದೆಗೆ ಒತ್ತಿಕೊಂಡು ಹೇಳುತ್ತಾಳೆ:

"ಮುತ್ತೈದಿ ಕೈರೀ ಇದು. ಒಂದರ ಹಸರ ಬಳಿ ಇರ್ಲಿ. ಇಲ್ಲಂದ್ರ ನಾ ಒಲ್ಲೆ."

ಕೆಸರು ಬಳಿದು ಮುಚ್ಚಿ ಎಂದು ನಿರ್ದೇಶಕರು ಗೊಣಗುತ್ತಾರೆ. ಕ್ಲಾಪ್ ಬೀಳುತ್ತದೆ. ಗದ್ದೆಯ ನೀರಲ್ಲಿ ಕೈ ಆಡಿದ್ದೇ ತಡ, ಕೆಸರು ತೊಳೆದುಹೋಗಿ ಹಸಿರು ಬಳೆ ಎದ್ದು ಕಾಣುತ್ತದೆ. ಅವಳ ಹಟವನ್ನೇ ಕದ್ದು ತನ್ನ ಬುದ್ಧಿ ಎಂದು ಹೇಳಿಕೊಂಡನಲ್ಲ ಆ ಮಹಾಶಯ!

ಮರುದಿನವೇ ಲ್ಯಾಪ್‌ಟಾಪ್ ಹಿಡಿದು ಚಿಗವ್ವನೂರಿಗೆ ಬಸ್ ಹತ್ತಿದೆ. ಮಸ್ಕಿ ದಾಟುವವರೆಗೂ ನಿರ್ದೇಶಕರಿಗೆ ಬರೆಯಬೇಕಾದ ಪತ್ರವನ್ನು ಬಯ್ಗುಳದ ಸಮೇತ ಮನಸ್ಸಿನಲ್ಲೇ ಬರೆದೆ. ಚಿಗವ್ವ ಆ ತುಣುಕು ನೋಡಿ, ಹೊರಗೆ ಹೋಗಿ ಓಣಿಯವರನ್ನು ಕರೆತಂದಳು. ಎಲ್ಲರೂ ನೋಡಿದರು. ಎಲ್ಲರಿಗಿಂತ ಹೆಚ್ಚು ಕಾಡುತ್ತಿದ್ದಾಕೆ ಅವಳ ಕೈ ಹಿಡಿದು ಬಳೆಯನ್ನು ತಿರುಗಿಸಿ ನೋಡಿ, ಅವಳನ್ನು ಎಲ್ಲರ ಮುಂದೆ ಕೂರಿಸಿದಳು.

ಈಗ ಸಿನಿಮಾ ಹಾಕು ಎಂದರು. ಅವಸರದಲ್ಲಿ ನಾನು ಆಡಿಯೋವನ್ನು ಮತ್ತೆ ಸಿನಿಮಾದ್ದಕ್ಕೆ ಬದಲಿಸಿರಲಿಲ್ಲ. ನಾಟಿಯ ದೃಶ್ಯದಲ್ಲಿ ನಿರ್ದೇಶಕರು ಮತ್ತೆ ಆಸೆಯ ಮಾತು ತೆಗೆದರು. ಚಿಗವ್ವ ನನ್ನ ಭುಜ ತಟ್ಟಿದಳು.

"ಅಂವನ್ನ ಬಂದ್ ಮಾಡೋ ತಮ್ಮಾ. ನನ್ನ ಬಳಿ ಸಪ್ಪಳ ಕೇಳವಲ್ದು."