ಹಾಫ್ ಸ್ಟೆಪ್ಪಿನ ಕ್ರೇನ್

ಅಂಕೋಲೆಯಿಂದ ಬಸ್ಸಿನಲ್ಲಿ ಕಾರವಾರಕ್ಕೆ ಹೋಗಿ ಡಿಪ್ಲೊಮಾ ಓದುತ್ತಿದ್ದ ಕೊನೆಯ ವರ್ಷ, ಅಲ್ಲಿನ ಮೀನುಗಾರರ ಊರು ಬೈತಖೋಲದ ಗೆಳತಿಯೂ ನಾನೂ ಪ್ರಾಜೆಕ್ಟಿಗೆಂದು ಪುಟ್ಟ ಕ್ರೇನ್ ಮಾಡಿದ್ದೆವು. ಮೈಕ್ರೋಕಂಟ್ರೋಲರಿನ ಅಪ್ಪಣೆಯಂತೆ ಹೆಜ್ಜೆಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟಾರಿನ ಸುರುಳಿಗಳಿಗೆ ಸರದಿಯಲ್ಲಿ ಕರೆಂಟು ಹೋಗುತ್ತಿತ್ತು. ಮೋಟಾರು ದಾರ ಸುತ್ತುತ್ತ, ಅವಳಪ್ಪ ಮೀನು ತೂಗುವ ಕಬ್ಬಿಣದ ಬಟ್ಟನ್ನು ಮೇಲೆತ್ತುತ್ತಿತ್ತು.

ಫುಲ್ ಸ್ಟೆಪ್ ಎಂಬ ಕ್ರಮದಲ್ಲಿ ಪ್ರತಿ ಹೆಜ್ಜೆಗೂ ಎರಡು ಸುರುಳಿಗಳು ಒಟ್ಟಿಗೆ ಎಳೆಯುತ್ತಿದ್ದವು. ಬಲವಿತ್ತು, ಆದರೆ ಮೇಜು ನಡುಗುವಷ್ಟು ಗುರುಗುಡುತ್ತಿತ್ತು. ಹಾಗಾಗಿ ಹಾಫ್ ಸ್ಟೆಪ್ಪಿಗೆ ಬದಲಿಸಿದೆವು: ಒಮ್ಮೆ ಎರಡು ಸುರುಳಿ, ಒಮ್ಮೆ ಒಂದೇ. ಸದ್ದು ತಗ್ಗಿತು. ಆ ಮೌನ ಯಾಕೋ ನನಗೆ ಹಿತವೆನಿಸಲಿಲ್ಲ.

ಬಟ್ಟು ಅರ್ಧಕ್ಕೆ ಏರಿ ನಿಂತಿತು. ಮೋಟಾರು ನಿಂತಲ್ಲೇ ಕಂಪಿಸುತ್ತಿತ್ತು. ಬಟ್ಟಿನ ಎತ್ತರ ತೋರಿಸುವ ಡಿಸ್‌ಪ್ಲೇಯಲ್ಲಿ ಮಾತ್ರ ಅಂಕಿ ಏರುತ್ತಲೇ ಇತ್ತು.

“ಎಂತಕ್ಕೆ ನಿಂತ್ತು ಇದು?” ಎನ್ನುತ್ತ ಅವಳು ಬಟ್ಟಿನ ಕೆಳಗೆ ಕೈಚಾಚಿದಳು.

“ಕೈ ತೆಗಿಯೇ!” ಎಂದು ಕೂಗಿದೆ.

ಒಂದೇ ಸುರುಳಿ ಎಳೆಯುವ ಸರದಿಯಲ್ಲಿ ಭಾರ ತಡೆಯಲಾರದೆ ಮೋಟಾರು ಹಿಂದಕ್ಕೆ ತಿರುಗಿಬಿಟ್ಟಿತು. ಬಟ್ಟು ಅವಳ ಬೆರಳಿನ ಮೇಲೆ ಬಿತ್ತು. ಉಗುರಿನಡಿ ರಕ್ತ ಕಪ್ಪಗೆ ಹೆಪ್ಪುಗಟ್ಟಿತು. ಡಿಸ್‌ಪ್ಲೇ, ಭಾರ ಮೇಲೆ ತಲುಪಿದೆ ಎಂದಿತು.

“ಬಿದ್ದದ್ದು ಅದ್ಕೆ ಗೊತ್ತೇ ಇಲ್ಲ ಮಾರಾಯ್ತಿ,” ಎಂದಳು, ನೋವಿಗಿಂತ ಹೆಚ್ಚು ಹೆದರಿಕೆಯಿಂದ.

ನಿಜ. ಮೈಕ್ರೋಕಂಟ್ರೋಲರು ತಾನು ಕೊಟ್ಟ ಅಪ್ಪಣೆಗಳನ್ನು ಎಣಿಸುತ್ತಿತ್ತೇ ಹೊರತು ಮೋಟಾರು ಇಟ್ಟ ಹೆಜ್ಜೆಗಳನ್ನಲ್ಲ.

ಫುಲ್ ಸ್ಟೆಪ್ಪಿಗೆ ಮರಳಿದೆವು. ಬಟ್ಟು ನಿಜವಾಗಿ ಮೇಲೆ ಮುಟ್ಟಿದರೆ ಮಾತ್ರ ಒತ್ತಿಕೊಳ್ಳುವ ಸ್ವಿಚ್ಚೊಂದನ್ನೂ ಕೂರಿಸಿದೆವು. ಪರೀಕ್ಷಕರು ಮೆಚ್ಚಿದರು. ಅವರು ಏರಿದ ಬಟ್ಟಿನ ಕೆಳಗೆ ಬಗ್ಗಿ ನೋಡುತ್ತಿದ್ದಷ್ಟು ಹೊತ್ತೂ ನಾವಿಬ್ಬರೂ ಉಸಿರು ಬಿಗಿಹಿಡಿದು ನಿಂತಿದ್ದೆವು.