ಹದಿನಾಲ್ಕು ಕೆಂಪು ಚುಕ್ಕಿ

"ಬರೇ ದೀಪ ಇಲ್ಲ ಅಂದ್ರ ಹೆಂಗ್ರಿ? ಬಲ್ಬ್ ಎರಡು ಸಲ ಬದಲಿ ಮಾಡೇವಿ" ಎಂದು ವಾರ್ಡ್ ಕಚೇರಿಯ ಗುಮಾಸ್ತರು ನಮ್ಮ ಬೀದಿದೀಪದ ಬಗ್ಗೆ ಕೊಟ್ಟ ನನ್ನ ಮೂರನೇ ಅರ್ಜಿಯನ್ನೂ ಪಕ್ಕಕ್ಕೆ ಸರಿಸಿದರು. ಆ ಬೀದಿಯ ಕತ್ತಲಲ್ಲೇ ಚರಂಡಿಗೆ ಬಿದ್ದು ನನ್ನ ಅತ್ತೆ ಕಾಲು ಮುರಿದುಕೊಂಡಿದ್ದರು.

ನನ್ನ ಜೊತೆ ಬಂದಿದ್ದ ಒಂಬತ್ತನೇ ತರಗತಿಯ ಮಗಳು ಗುಮಾಸ್ತರ ಮುಂದೆ ಮೊಬೈಲ್ ಇಟ್ಟಳು. ರಂಗಂಪೇಟೆಯಿಂದ ಟ್ಯೂಷನ್ ಮುಗಿಸಿ ಬರುವಾಗ, ದೀಪವಿಲ್ಲದ ಪ್ರತಿ ಕಂಬದ ನಂಬರಿನ ಫೋಟೊ ತೆಗೆದು ಮ್ಯಾಪಿನಲ್ಲಿ ಕೆಂಪು ಚುಕ್ಕಿ ಇಟ್ಟಿದ್ದಳು.

"ಬಲ್ಬ್ ಕೆಟ್ಟಿಲ್ರಿ ಸರ್. ಹದಿನಾಲ್ಕೂ ಕಂಬ ಸ್ವಿಚ್ ಬಾಕ್ಸ್ ದಾಟಿದ ಮ್ಯಾಲೆ ಒಂದೇ ಸಾಲಿನಾಗ ಅದಾವ. ಬಾಕ್ಸ್ ತೆಗೆದು ನೋಡ್ರಿ."

ಮರುದಿನ ಲೈನ್‌ಮನ್ ಬಾಕ್ಸ್ ತೆರೆದು ಸುಟ್ಟ ವೈರು ಬದಲಿಸಿದ. ಅರ್ಧ ಗಂಟೆಯ ಕೆಲಸ. ಸಂಜೆ ಬೀದಿಯೆಲ್ಲ ಬೆಳಕು.

"ಮಗಳು ಭಾಳ ಶಾಣ್ಯಾ ಅದಾಳ್ರಿ" ಎಂದು ಗುಮಾಸ್ತರು ಈಗ ಸಿಕ್ಕಲ್ಲೆಲ್ಲ ಹೊಗಳುತ್ತಾರೆ. ಪಕ್ಕದಲ್ಲಿ ಅತ್ತೆ ಕೋಲೂರಿಕೊಂಡು ನಿಂತಿರುತ್ತಾರೆ. ಅವರು ಸರಿಸಿಟ್ಟ ಮೂರು ಅರ್ಜಿ ನೆನಪಾಗಿ ನನಗೆ ಮೈಯೆಲ್ಲ ಉರಿಯುತ್ತದೆ.