ಸೊನ್ನೆ ರೂಪಾಯಿಯ ಟಿಕೆಟುಗಳು

ಪ್ರತಿ ತಿಂಗಳೂ ಇಪ್ಪತ್ತನೇ ತಾರೀಖಿಗೆ ನಾನು ಕೆಟ್ಟವಳಾಗುತ್ತೇನೆ. ಬೈಲಹೊಂಗಲದ ನಮ್ಮ ಸಂಸ್ಥೆಯ ಆಫೀಸಿನಲ್ಲಿ ಕೂತು, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆ ಮಹಿಳಾ ಸಂಘಗಳಿಗಾಗಿ ಓಡಾಡುವ ಎಲ್ಲ ಸಿಬ್ಬಂದಿಗೆ ವಾಟ್ಸಾಪಿನಲ್ಲಿ ಒಂದೇ ಮಾತು ಹಾಕುತ್ತೇನೆ: ‘ಟೈಮ್‌ಶೀಟ್ ಮತ್ತು ಖರ್ಚಿನ ಕ್ಲೇಮ್ ಇಪ್ಪತ್ತೆರಡರ ಸಂಜೆ ಐದರೊಳಗೆ. ತಡವಾದರೆ ಪಗಾರ ಮುಂದಿನ ತಿಂಗಳು.’ ಐದಾದ ಮೇಲೆ ಪಗಾರದ ಪಟ್ಟಿ ಧಾರವಾಡದ ಮುಖ್ಯ ಆಫೀಸಿಗೆ ಹೋಗಿಬಿಡುತ್ತದೆ. ಅಲ್ಲಿಂದ ಅದನ್ನು ತಿರುಗಿಸುವುದು ದೇವರಿಗೂ ಆಗದ ಕೆಲಸ.

ಆ ತಿಂಗಳು, ಇಪ್ಪತ್ತೆರಡರ ಮಧ್ಯಾಹ್ನ ಮೂರಕ್ಕೆ, ಒಬ್ಬಳದನ್ನು ಬಿಟ್ಟು ಎಲ್ಲರದೂ ಬಂದಿತ್ತು. ಪಂಕ್ಚರಿನ ಚೀಟಿಯನ್ನೂ ಬಿಡದೆ ಅಂಟಿಸುವ ಕಿತ್ತೂರಿನ ಪುಣ್ಯಾತ್ಮನೂ ಕಳಿಸಿದ್ದ. ಬರದೇ ಇದ್ದದ್ದು ರಾಮದುರ್ಗದ ಕಡೆಯ ಸುರೇಬಾನದ ಹೊಸ ಹುಡುಗಿಯದು. ಕೆಲಸಕ್ಕೆ ಸೇರಿ ಅವಳಿಗೆ ತಿಂಗಳಾಗಿತ್ತಷ್ಟೇ. ಸಿಟ್ಟು ನೆತ್ತಿಗೇರಿ ಫೋನು ಹಚ್ಚಿದೆ.

‘ಏನವಾ, ನಾ ಗೋಡಿಗೆ ಹೇಳಾಕ ಹತ್ತೇನೇನು? ನಿನ್ನ ಹಾಳಿ ಎಲ್ಲೈತಿ?’

‘ಅಕ್ಕಾರ, ನಂದೇನೂ ಖರ್ಚ ಆಗಿಲ್ರಿ. ಹೆಣ್ಮಕ್ಕಳಿಗೆ ಬಸ್ ಪುಕ್ಕಟ ಐತ್ಯಲ್ರಿ. ಖಾಲಿ ಹಾಳಿ ಯಾಕ ಕಳಸೂದಂತ ಬಿಟ್ಟೆರಿ.’

ಹಣೆ ಚಚ್ಚಿಕೊಂಡೆ. ಕಾಗದ ಉಳಿಸಲೆಂದು ಒಂದೇ ಹಾಳೆಯ ಒಂದು ಬದಿಗೆ ಕ್ಲೇಮು, ಇನ್ನೊಂದು ಬದಿಗೆ ಟೈಮ್‌ಶೀಟು ಛಾಪಿಸಿದವಳು ನಾನೇ. ಕ್ಲೇಮು ಇಲ್ಲದವರು ಏನು ಮಾಡಬೇಕೆಂದು ಯಾವ ತಿಂಗಳೂ ಬರೆದಿರಲಿಲ್ಲ.

‘ಹಾಳಿ ಹೊಳ್ಳಿಸಿ ನೋಡು. ಅಲ್ಲಿ ದಿನಾ ಎಲ್ಲಿ, ಎಷ್ಟ ತಾಸ ಕೆಲಸ ಮಾಡಿದ್ದಿ ಅಂತ ತುಂಬಬೇಕು. ಅದಿಲ್ದ ಪಗಾರಿಲ್ಲ.’

ಆ ಕಡೆಯಿಂದ ಅಳುವ ದನಿ ಬಂತು. ‘ಹಂಗನಬ್ಯಾಡ್ರಿ ಅಕ್ಕಾರ. ನಮ್ಮ ಮಾವನವ್ರು ಒಂದ ತಿಂಗ್ಳ ನೋಡೂಣು ಅಂದಾರ್ರಿ. ಪಗಾರ ಬರ್ಲಿಲ್ಲಂದ್ರ, ಪುಕ್ಕಟ ಬಸ್ಸಿನಾಗ ಪುಕ್ಕಟ ದುಡಿಯಾಕ ಹೊಂಟಾಳ ಅಂತ ಕೆಲಸ ಬಿಡಸ್ತಾರ್ರಿ.’

ನನ್ನ ಸಿಟ್ಟು ಜರ್ರನೆ ಇಳಿಯಿತು. ತಪ್ಪಿನಲ್ಲಿ ಅರ್ಧ ಪಾಲು ನನ್ನದೂ ಇತ್ತಲ್ಲ! ‘ಅಳಬ್ಯಾಡ. ಇನ್ನ ಎರಡ ತಾಸೈತಿ. ಯಾವ ದಿನ ಯಾವ ಊರು, ನೆನಪೈತೇನು?’

‘ಊರ ನೆನಪದಾವ್ರಿ, ತಾರೀಖ ಇಲ್ರಿ. ತಡೀರಿ, ಟಿಕೆಟ್ ಅದಾವ್ರಿ!’

ಸೊನ್ನೆ ರೂಪಾಯಿಯ ಟಿಕೆಟನ್ನು ಯಾರಾದರೂ ಇಟ್ಟುಕೊಳ್ಳುತ್ತಾರೆಯೇ? ಅವಳ ಅತ್ತೆ ಇಟ್ಟಿದ್ದರು. ಚಹಾಪುಡಿಯ ಡಬ್ಬಿಯಲ್ಲಿ, ದಿನದ ಮೇಲೆ ದಿನ, ಒಂದೂ ಹೆಚ್ಚುಕಡಿಮೆಯಾಗದಂತೆ. ಯಾಕೆಂದು ಕೇಳಿದರೆ, ಆ ತಾಯಿಯೇ ಫೋನಿನಲ್ಲಿ ಗುಡುಗಿದರು: ‘ಮಂದಿ ಬಾಯಿ ಸುಮ್ನಿರತೈತೇನವಾ? ಸೊಸಿ ಎಲ್ಲಿ ತಿರಗ್ಯಾಡತಾಳ ಅಂತ ಯಾರರ ಅಂದ್ರ, ಮಾರಿಗೆ ಹಿಡಿಯಾಕ ಇರಲಿ ಅಂತ ಇಟ್ಟೇನಿ.’

ಅತ್ತೆ ಒಂದೊಂದೇ ಟಿಕೆಟು ತೆಗೆದುಕೊಡುತ್ತಿದ್ದರು. ಸೊಸೆ ತಾರೀಖು, ಹತ್ತಿದ ಊರು, ಇಳಿದ ಊರು, ವೇಳೆ ಓದುತ್ತ ತುಂಬುತ್ತಿದ್ದಳು. ಹೋದ ಟಿಕೆಟು, ಬಂದ ಟಿಕೆಟು ನೋಡಿದರೆ ತಾಸುಗಳು ತಾವೇ ಕೂಡಿಬರುತ್ತಿದ್ದವು. ಊರಲ್ಲೇ ಕೆಲಸ ಮಾಡಿದ ದಿನಗಳಿಗೆ ಸಂಘದ ಸಭೆಯ ವಹಿ ಇತ್ತು. ಒಂದು ದಿನಕ್ಕೆ ಮಾತ್ರ ಟಿಕೆಟೂ ಇಲ್ಲ, ವಹಿಯಲ್ಲಿ ಸಹಿಯೂ ಇಲ್ಲ.

‘ಅವತ್ತ ಕೂಸಿಗೆ ಜ್ವರಾ ಬಂದಿದ್ವು, ಹೋಗಿಲ್ರಿ. ರಜಾ ಅಂತ ಬರಿಲೇನ್ರಿ?’

‘ಬರಿ. ಖರೇ ಇದ್ದದ್ದ ಬರಿ,’ ಎಂದೆ. ಅವಳ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಆಗಲೇ.

ಹಾಳೆಯ ಫೋಟೋ ಬಂದಾಗ ನಾಲ್ಕೂವರೆ. ಇನ್ನು ಅವಳ ಮೇಲಿನವರ ಒಪ್ಪಿಗೆ ಬೇಕು. ಆ ಮಹಾನುಭಾವರು ಸವದತ್ತಿಯಲ್ಲಿ ಮೀಟಿಂಗಿನಲ್ಲಿದ್ದರು. ಫೋಟೋವನ್ನು ಅವರಿಗೆ ಕಳಿಸಿ ನಾಲ್ಕು ಸಲ ಫೋನು ಮಾಡಿದೆ, ಎತ್ತಲಿಲ್ಲ. ಐದನೆಯ ಸಲ ಎತ್ತಿದರು. ‘ಸರ, ಚಹಾ ಆಮ್ಯಾಲ ಕುಡೀರಿ, ಮೊದ್ಲ ಮೊಬೈಲ್ ನೋಡ್ರಿ,’ ಎಂದೆ. ದಿನದಿನದ್ದೂ ಓದಿ, ಮೇಲ್‌ನಲ್ಲಿ ಒಪ್ಪಿಗೆ ಕಳಿಸಿದರು. ಐದಕ್ಕೆ ನಾಲ್ಕು ನಿಮಿಷ ಇರುವಾಗ ಪಟ್ಟಿ ಧಾರವಾಡಕ್ಕೆ ಹೋಯಿತು. ನಾನು ಕುರ್ಚಿಗೆ ಒರಗಿ, ತಣ್ಣಗಾದ ಚಹಾವನ್ನೇ ಸುಖವಾಗಿ ಕುಡಿದೆ.

ತಿಂಗಳ ಕೊನೆಗೆ ಎಲ್ಲರ ಜೊತೆ ಅವಳ ಪಗಾರವೂ ಜಮಾ ಆಯಿತು.

ಮುಂದಿನ ತಿಂಗಳು ನನ್ನ ಮಾತಿಗೆ ಇನ್ನೊಂದು ಸಾಲು ಸೇರಿಸಿದೆ: ‘ಖರ್ಚು ಇರಲಿ, ಇಲ್ಲದಿರಲಿ, ಟೈಮ್‌ಶೀಟು ಎಲ್ಲರೂ ಕಳಿಸಬೇಕು.’ ಅದನ್ನು ಹಾಕಿ ಅರ್ಧ ತಾಸೂ ಆಗಿರಲಿಲ್ಲ, ಸುರೇಬಾನದ ಹಾಳೆ ಎಲ್ಲರಿಗಿಂತ ಮೊದಲು ಬಂತು. ಕ್ಲೇಮಿನ ಬದಿಯಲ್ಲಿ ದುಂಡಗೆ ಒಂದು ಸೊನ್ನೆ, ಕೆಳಗೆ ಸಹಿ.

‘ಏನವಾ, ಇಷ್ಟ ಲಗೂನ?’ ಎಂದು ಫೋನಿನಲ್ಲಿ ಕೇಳಿದೆ.

‘ಏನ ಮಾಡೂದ್ರಿ ಅಕ್ಕಾರ,’ ಎಂದು ನಕ್ಕಳು. ‘ಮುಂಜಾನಿಂದ ಮಾವನವ್ರು ಮೂರ ಸಲ ಕೇಳ್ಯಾರ್ರಿ, ಹಾಳಿ ಕಳಿಸಿದ್ಯೇನು ಅಂತ.’